ಮೊಬೈಲ್‌ನಲ್ಲಿ ಓದಿದ ನಿರೂಪಣೆ: ‘ಸೀರೆ’ಯ ‘ಸ’ ಚುಚ್ಚದಂತೆ, ಕೊನೆಯ ಕ್ರಿಯಾಪದ ಮಗ್ಗದ ಸದ್ದಿನಲ್ಲಿ ಮುಳುಗದಂತೆ

ಇಳಕಲ್ಲಿನ ಕೈಮಗ್ಗದ ಬಗ್ಗೆ ಏಳು ನಿಮಿಷದ ಸಾಕ್ಷ್ಯಚಿತ್ರ ಸಿದ್ಧವಾಗಿದೆ ಎಂದುಕೊಳ್ಳಿ. ಚಿತ್ರಗಳ ಜೋಡಣೆ ಮುಗಿದಿದೆ, ಮಗ್ಗದ ಸದ್ದು ಸ್ಥಳದಲ್ಲೇ ಸಿಕ್ಕಿದೆ. ನಿರೂಪಣೆಯನ್ನು ಮಾತ್ರ ಒಬ್ಬ ಮಹಿಳೆ ಮನೆಯ ಖೋಲಿಯಲ್ಲಿ ಕೂತು ಮೊಬೈಲ್‌ನಲ್ಲಿ ಓದಿದ್ದಾರೆ. ಅದರಲ್ಲಿ ಹೀಗೊಂದು ಸಾಲಿದೆ:

“ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಕುಣಿಕೆ ಹಾಕಿ ಬೆಸೆಯುತ್ತಾರೆ.”

ಮೊಬೈಲ್ ಧ್ವನಿಯ ತೊಂದರೆಗಳೆಲ್ಲ ಈ ಸಾಲಿನಲ್ಲೇ ಸಿಗುತ್ತವೆ. ಐದು ‘ಸ’ ಮತ್ತು ಒಂದು ‘ಷ’ ಇವೆ. ‘ಹತ್ತಿ’ಯ ಒತ್ತಕ್ಷರದ ನಡುವೆ ಒಂದು ಕ್ಷಣ ಉಸಿರು ತಡೆದು ಮೌನ ಬರುತ್ತದೆ. ಕೊನೆಗೆ, ಕನ್ನಡದ ವಾಕ್ಯಗಳಲ್ಲಿ ಸಾಮಾನ್ಯವಾಗಿ ಆಗುವಂತೆ, ಇಡೀ ಅರ್ಥ ಹೊತ್ತ ಕ್ರಿಯಾಪದ ಬರುವ ಹೊತ್ತಿಗೆ ದನಿ ಇಳಿದಿರುತ್ತದೆ. ಈ ಒಂದು ಸಾಲು ಸರಿಹೋದರೆ ಉಳಿದ ಏಳು ನಿಮಿಷಕ್ಕೂ ಬಹುತೇಕ ಅದೇ ಹೊಂದಿಕೆ ಸಾಕು. ಹಾಗಾಗಿ ಇಡೀ ಕೆಲಸವನ್ನು ಇದರ ಮೇಲೆಯೇ ಮಾಡಿ ತೋರಿಸುತ್ತೇವೆ. ತಂತ್ರಾಂಶ DaVinci Resolve, ಅದರ Fairlight ಪುಟ. ಉಚಿತ ಆವೃತ್ತಿಯಲ್ಲೇ ಆವರ್ತನಗಳನ್ನು ಏರಿಳಿಸುವ ಈಕ್ವಲೈಸರ್, ಜೋರು ದನಿಯನ್ನು ಅದುಮುವ ಕಂಪ್ರೆಸರ್, ‘ಸ’ದ ಚೂಪನ್ನು ಇಳಿಸುವ ಡಿ-ಎಸ್ಸರ್ ಮೂರೂ ಇವೆ, ಚಿತ್ರವೂ ಅಲ್ಲೇ ಕಣ್ಣೆದುರಿಗೆ ಇರುತ್ತದೆ. ಬೇರೆ ತಂತ್ರಾಂಶ ಬಳಸುವವರಿಗೂ ಅಂಕಿಗಳು ಇವೇ.

ಓದಿಸುವಾಗಲೇ ಉಳಿಯುವ ಅರ್ಧ ಕೆಲಸ

ನಮ್ಮ ಕಡೆಯ ಮನೆಗಳಲ್ಲಿ ನೆಲಕ್ಕೆ ಕಲ್ಲು, ಗೋಡೆಗೆ ಗಿಲಾವು. ಎರಡೂ ದನಿಯನ್ನು ಹಿಂದಕ್ಕೆ ಎಸೆಯುತ್ತವೆ. ಹೀಗೆ ಮರಳಿ ಬಂದ ದನಿ ಮೂಲ ದನಿಯೊಂದಿಗೆ ಕಲೆತು ‘ಡಬ್ಬಿಯೊಳಗಿಂದ ಮಾತಾಡಿದಂತೆ’ ಕೇಳುತ್ತದೆ. ಈಕ್ವಲೈಸರ್ ಅದರ ಬಣ್ಣವನ್ನು ಸ್ವಲ್ಪ ತಿದ್ದಬಲ್ಲದು, ಪ್ರತಿಧ್ವನಿಯನ್ನು ತೆಗೆಯಲಾರದು. ಆದ್ದರಿಂದ ಓದುವವರ ಹಿಂದೆ ಮತ್ತು ಎರಡೂ ಪಕ್ಕಕ್ಕೆ ದಪ್ಪನೆಯ ಕೌದಿಗಳನ್ನು ತೂಗುಹಾಕಿ, ಕಾಲಡಿಗೆ ಇನ್ನೊಂದನ್ನು ಹಾಸಿ. ಕೌದಿಯಲ್ಲಿ ಹಲವು ಪದರದ ಹತ್ತಿ ಬಟ್ಟೆ ಇರುವುದರಿಂದ ತೆಳು ಪರದೆಗಿಂತ ಎಷ್ಟೋ ಚಲೋ ಕೆಲಸ ಮಾಡುತ್ತದೆ. ಫ್ಯಾನ್ ಬಂದ್ ಮಾಡಿ.

ಮೊಬೈಲ್‌ನ ಕೆಳತುದಿಯ ಮೈಕ್ ಬಾಯಿಂದ ಒಂದು ಗೇಣಿನಷ್ಟು ದೂರ, ಸುಮಾರು 18ರಿಂದ 20 ಸೆಂ.ಮೀ., ಇರಲಿ. ಬಾಯಿಯ ನೇರಕ್ಕೆ ಹಿಡಿಯದೆ ತುಟಿಯ ಒಂದು ಮೂಲೆಯ ಕಡೆಗೆ ಸರಿಸಿ. ‘ಪ’, ‘ಬ’, ‘ಭ’ಗಳ ಗಾಳಿ ನೇರ ಮುಂದಕ್ಕೆ ಹಾರುತ್ತದೆ, ‘ಸ’ದ ಚೂಪು ಕೂಡ ನೇರ ಮುಂದೆಯೇ ಹೆಚ್ಚು. ಪಕ್ಕಕ್ಕೆ ಸರಿಸಿದ ಮೈಕ್ ಎರಡನ್ನೂ ತಪ್ಪಿಸಿಕೊಳ್ಳುತ್ತದೆ. ರೆಕಾರ್ಡರ್ ಆ್ಯಪ್‌ನಲ್ಲಿ WAV ಅಥವಾ Lossless ಆಯ್ಕೆ ಇದ್ದರೆ ಅದನ್ನೇ ಬಳಸಿ. ದರ 48 kHz ಸಿಕ್ಕರೆ ವಿಡಿಯೋದ ದರಕ್ಕೆ ಹೊಂದುತ್ತದೆ. ಧ್ವನಿಯನ್ನು ವಾಟ್ಸಾಪ್ ವಾಯ್ಸ್ ಮೆಸೇಜ್ ಆಗಿ ತರಿಸಿಕೊಳ್ಳಬೇಡಿ. ಅಲ್ಲಿ ಆಗುವ ಹಿಂಡುವಿಕೆಯಿಂದ ‘ಸ’ ಒಡೆದು ನೀರಿನ ಸದ್ದಿನಂತಾಗುತ್ತದೆ, ಮತ್ತೆ ಸರಿಪಡಿಸಲು ಬಾರದು. ಕಡತವನ್ನು ಕೇಬಲ್‌ನಿಂದ ಇಲ್ಲವೇ ಡಾಕ್ಯುಮೆಂಟ್ ಆಗಿ ಪಡೆಯಿರಿ. ಓದು ಶುರುವಾಗುವ ಮುನ್ನ 15 ಸೆಕೆಂಡ್ ಯಾರೂ ಮಾತಾಡದೆ ಖೋಲಿಯ ಮೌನವನ್ನೂ ರೆಕಾರ್ಡ್ ಮಾಡಿಸಿ, ಅದು ಕೊನೆಯಲ್ಲಿ ಬೇಕಾಗುತ್ತದೆ.

ಮೊದಲು ಕೈಯಿಂದ ಸಮ ಮಾಡಿ

ಹೆಚ್ಚಿನವರು ತಪ್ಪುವುದು ಇಲ್ಲಿ. ಒಂದು ವಾಕ್ಯ ಜೋರು, ಇನ್ನೊಂದು ಮೆಲ್ಲಗೆ ಇದ್ದಾಗ ನೇರವಾಗಿ ಕಂಪ್ರೆಸರ್‌ಗೆ ಕೈ ಹಾಕುತ್ತಾರೆ. ಆಗ ಜೋರು ವಾಕ್ಯ ವಿಪರೀತ ಹಿಂಡಿಹೋಗುತ್ತದೆ, ಮೆಲ್ಲಗಿನದಕ್ಕೆ ಏನೂ ತಾಗುವುದಿಲ್ಲ, ಎರಡೂ ಬೇರೆ ಬೇರೆ ದಿನ ಓದಿದಂತೆ ಕೇಳುತ್ತವೆ. ದೊಡ್ಡ ಏರಿಳಿತವನ್ನು ಕೈಯಿಂದ ತಿದ್ದಿ, ಸಣ್ಣದನ್ನು ಮಾತ್ರ ಕಂಪ್ರೆಸರ್‌ಗೆ ಬಿಡಿ.

ಟೈಮ್‌ಲೈನ್‌ನಲ್ಲಿ ವಾಕ್ಯ ವಾಕ್ಯಕ್ಕೆ ಕ್ಲಿಪ್ ಕತ್ತರಿಸಿ, ಪ್ರತಿಯೊಂದರ ಮೇಲಿನ ಅಡ್ಡ ಗೆರೆಯನ್ನು ಏರಿಸಿ ಇಳಿಸಿ. ಕ್ಲಿಪ್‌ನ ಈ ಮಟ್ಟ ಟ್ರ್ಯಾಕ್‌ನ ಈಕ್ವಲೈಸರ್ ಮತ್ತು ಕಂಪ್ರೆಸರ್‌ಗಿಂತ ಮೊದಲೇ ಅನ್ವಯವಾಗುತ್ತದೆ, ಹಾಗಾಗಿ ಕಂಪ್ರೆಸರ್‌ಗೆ ಎಲ್ಲ ವಾಕ್ಯಗಳೂ ಒಂದೇ ಎತ್ತರದಲ್ಲಿ ತಲುಪುತ್ತವೆ. ಗುರಿ ಇಷ್ಟೇ: ಪ್ರತಿ ವಾಕ್ಯದ ಜೋರಾದ ಅಕ್ಷರಗಳು ಮೀಟರ್‌ನಲ್ಲಿ −12 dB ಹತ್ತಿರ ಬರಬೇಕು.

ಆಮೇಲೆ ವಾಕ್ಯದ ಬಾಲ. ನಮ್ಮ ಸಾಲಿನಲ್ಲಿ ‘ಸೀರೆ’ −12ಕ್ಕೆ ಮುಟ್ಟಿದರೆ ‘ಬೆಸೆಯುತ್ತಾರೆ’ಯ ಕೊನೆಯ ‘ರೆ’ −24 dBಗೂ ಕೆಳಗೆ ಇರಬಹುದು. ಖಾಲಿ ಖೋಲಿಯಲ್ಲಿ ಕೇಳಿದಾಗ ಇದು ಗೊತ್ತೇ ಆಗುವುದಿಲ್ಲ. ಕೆಳಗೆ ಲಾಳಿ ಓಡಾಡುವ ಸದ್ದು ಬಂದ ಕೂಡಲೇ ಕ್ರಿಯಾಪದ ಕಾಣೆಯಾಗುತ್ತದೆ, ನೋಡುವವರಿಗೆ ಹಾಸು, ಕುಣಿಕೆ ಕೇಳಿಸುತ್ತವೆ, ಅವುಗಳಿಗೆ ಏನು ಮಾಡುತ್ತಾರೆ ಎಂಬುದು ಕೇಳಿಸುವುದಿಲ್ಲ. ಗೆರೆಯ ಮೇಲೆ ಎರಡು ಬಿಂದು ಹಾಕಿ ಕೊನೆಯ ಪದವನ್ನು 2ರಿಂದ 3 dB ಮೇಲೆತ್ತಿ. ಅದಕ್ಕಿಂತ ಹೆಚ್ಚು ಎತ್ತಿದರೆ ಓದುವವರು ವಾಕ್ಯ ಮುಗಿಸದೆ ನಿಲ್ಲಿಸಿದಂತೆ ಅನಿಸುತ್ತದೆ. ಉಸಿರೆಳೆದ ಸದ್ದುಗಳನ್ನು ಅಳಿಸಬೇಡಿ, 6 dB ಇಳಿಸಿದರೆ ಸಾಕು.

ಈಕ್ವಲೈಸರ್: ತೆಗೆಯುವುದು ಹೆಚ್ಚು, ಸೇರಿಸುವುದು ಕಡಿಮೆ

ಮಿಕ್ಸರ್‌ನಲ್ಲಿ Order ಎಂಬ ಸಾಲನ್ನು ಮೊದಲು ನೋಡಿ. ಅಲ್ಲಿ FX, DY, EQ ಯಾವ ಕ್ರಮದಲ್ಲಿವೆ ಎಂದು ಬರೆದಿರುತ್ತದೆ. ಅದನ್ನು EQ DY FX ಎಂದು ಬದಲಿಸಿಕೊಳ್ಳಿ. ಅಂದರೆ ಮೊದಲು ಈಕ್ವಲೈಸರ್, ನಂತರ ಕಂಪ್ರೆಸರ್, ಕೊನೆಗೆ ಡಿ-ಎಸ್ಸರ್. ಈ ಕ್ರಮವೇ ಯಾಕೆ ಎಂಬುದು ಮುಂದೆ ತಾನೇ ತಿಳಿಯುತ್ತದೆ.

ಮೊದಲ ಬ್ಯಾಂಡನ್ನು ಹೈ-ಪಾಸ್ ಮಾಡಿ 90 Hz ಕೆಳಗಿನದನ್ನು ಕತ್ತರಿಸಿ. ಮಹಿಳೆಯರ ಮಾತಿನ ಮೂಲ ಸ್ವರ ಸಾಮಾನ್ಯವಾಗಿ 180ರಿಂದ 220 Hz ಆಸುಪಾಸು ಇರುವುದರಿಂದ ಇದರಿಂದ ದನಿಗೆ ಏನೂ ನಷ್ಟವಿಲ್ಲ. ಗಂಡಸರ ದಪ್ಪ ದನಿ 100 Hz ಹತ್ತಿರಕ್ಕೂ ಇಳಿಯುತ್ತದೆ, ಅವರಿಗೆ 70 Hz ಸಾಕು. ಹೋಗುವುದು ಮೊಬೈಲ್ ಹಿಡಿದ ಕೈಯ ಅದುರು, ರಸ್ತೆಯ ಲಾರಿ, ‘ಭ’ದ ಗಾಳಿ. ಚಾರ್ಜರ್‌ಗೆ ಹಚ್ಚಿದ ಮೊಬೈಲ್‌ನಲ್ಲಿ ಗುಂಯ್‌ಗುಟ್ಟುವಿಕೆ ಸೇರಿದ್ದರೆ ಅದರ 50 Hz ಹೋಗುತ್ತದೆ, 100 ಮತ್ತು 150 Hz ಉಳಿಯುತ್ತವೆ. ಇದಕ್ಕೆ ಚಾರ್ಜರ್ ಕಿತ್ತು ಮತ್ತೆ ಓದಿಸುವುದೇ ಸುಲಭ.

ಈಗ ಡಬ್ಬಿ ದನಿ. ಇದು ಸಾಮಾನ್ಯವಾಗಿ 250ರಿಂದ 500 Hz ನಡುವೆ ಕೂತಿರುತ್ತದೆ. ಒಂದು ಬ್ಯಾಂಡಿಗೆ Q, ಅಂದರೆ ಹಿಡಿತದ ಕಿರಿದುತನ, 4 ಕೊಟ್ಟು 8 dB ಏರಿಸಿ, ಸಾಲನ್ನು ಸುತ್ತಿ ಸುತ್ತಿ ಕೇಳುತ್ತ 250ರಿಂದ ಮೇಲಕ್ಕೆ ನಿಧಾನ ಸರಿಸಿ. ಒಂದು ಕಡೆ ಖೋಲಿಯೇ ಗುಂಯ್ ಎನ್ನುತ್ತದೆ, ನಮ್ಮ ಉದಾಹರಣೆಯಲ್ಲಿ 350 Hz ಎಂದಿಟ್ಟುಕೊಳ್ಳಿ. ಅಲ್ಲಿ ನಿಲ್ಲಿಸಿ Qಅನ್ನು 1.4ಕ್ಕೆ ಅಗಲಿಸಿ, ಏರಿಸಿದ್ದನ್ನು −3.5 dBಗೆ ಇಳಿಸಿ. ಒಂದು ಎಚ್ಚರಿಕೆ: 8 dB ಏರಿಸಿದರೆ ಯಾವ ಆವರ್ತನವೂ ಕೆಟ್ಟದಾಗಿಯೇ ಕೇಳುತ್ತದೆ. ಆದ್ದರಿಂದ ಇಳಿಸಿದ ಮೇಲೆ ಈಕ್ವಲೈಸರನ್ನು ಆಫ್ ಮಾಡಿ, ಆನ್ ಮಾಡಿ ಹೋಲಿಸಿ. ‘ಒಡಲು’ ಪದದ ‘ಒ’ ತೆಳ್ಳಗಾಗಿ ಟೊಳ್ಳು ಅನಿಸಿದರೆ ಹೆಚ್ಚು ತೆಗೆದಿದ್ದೀರಿ, −2ಕ್ಕೆ ತನ್ನಿ.

ಸ್ಪಷ್ಟತೆಗಾಗಿ ಮೇಲಿನ ಆವರ್ತನ ಏರಿಸುವ ಆಸೆ ಎಲ್ಲರಿಗೂ ಆಗುತ್ತದೆ. ಮೊಬೈಲ್ ಮೈಕ್‌ನ ದನಿ ಮೊದಲೇ ಚೂಪಾಗಿರುವುದು ಹೆಚ್ಚು, ಆದ್ದರಿಂದ ಈ ಹಂತದಲ್ಲಿ ತಡೆದುಕೊಳ್ಳಿ. ಡಬ್ಬಿತನ ಹೋದಾಗಲೇ ಅರ್ಧ ಸ್ಪಷ್ಟತೆ ಬಂದಿರುತ್ತದೆ. ಎಲ್ಲ ಮುಗಿದು ಚಿತ್ರದ ಮೇಲೆ ಕೂರಿಸಿದ ಬಳಿಕವೂ ಮಂಕು ಅನಿಸಿದರೆ 2.5 kHz ಸುತ್ತ ಅಗಲವಾಗಿ 1.5 dB ಸೇರಿಸಬಹುದು. 6 kHz ಮೇಲೆ ಏರಿಸಿದರೆ ಸಿಗುವುದು ಸ್ಪಷ್ಟತೆಯಲ್ಲ, ‘ಸ’ ಮಾತ್ರ.

ಕಂಪ್ರೆಸರ್: ಮೀಟರ್ ಅಕ್ಷರದ ಮೇಲೆ ಬಾಗಬೇಕು, ನಡುವೆ ಏಳಬೇಕು

Dynamics ತೆರೆದು ಕಂಪ್ರೆಸರ್ ಆನ್ ಮಾಡಿ. Ratio 2.5:1 ಇರಲಿ. Attack, ಅಂದರೆ ಅದುಮಲು ಹಿಡಿಯುವ ಸಮಯ, 15 ಮಿಲಿಸೆಕೆಂಡ್. Release, ಅಂದರೆ ಕೈಬಿಡಲು ಹಿಡಿಯುವ ಸಮಯ, 120 ಮಿಲಿಸೆಕೆಂಡ್. ಜೋರು ಅಕ್ಷರಗಳು −12 dBಗೆ ಬರುವಂತೆ ಮೊದಲೇ ಕೈಯಿಂದ ಮಾಡಿದ್ದೇವೆ, ಆದ್ದರಿಂದ Threshold ಎಂಬ ಗಡಿಯನ್ನು −18ಕ್ಕೆ ಇಡಿ. ಲೆಕ್ಕ ಹೀಗೆ: ಅಕ್ಷರ ಗಡಿಯನ್ನು 6 dB ದಾಟುತ್ತದೆ, 2.5:1ರಲ್ಲಿ ಆ ಆರರಲ್ಲಿ 2.4 dB ಮಾತ್ರ ಉಳಿಯುತ್ತದೆ, 3.6 dB ಇಳಿಯಿತು. ಜೋರು ಅಕ್ಷರಕ್ಕೆ 3ರಿಂದ 4 dB ಇಳಿತ, ಸಾಧಾರಣ ಅಕ್ಷರಕ್ಕೆ ಒಂದು ಎರಡು, ಮೆಲ್ಲಗಿನದಕ್ಕೆ ಸೊನ್ನೆ. ಮೃದುವಾದ ಕಂಪ್ರೆಷನ್ ಎಂದರೆ ಇಷ್ಟೇ. ಇಳಿತದ ಮೀಟರ್ ಪದಗುಚ್ಛಗಳ ನಡುವೆ ಸೊನ್ನೆಗೆ ಮರಳದಿದ್ದರೆ Threshold ತೀರ ಕೆಳಗಿದೆ ಎಂದರ್ಥ. ಕಳೆದುಕೊಂಡದ್ದನ್ನು ತುಂಬಲು Make Up 3 dB ಕೊಡಿ.

ಸಮಯದ ಎರಡು ಅಂಕಿಗಳು ಕನ್ನಡದ ಮಾತಿಗೆ ಹೇಗೆ ತಾಗುತ್ತವೆ ಎಂಬುದನ್ನು ಕಿವಿಗೊಟ್ಟು ಕೇಳಬೇಕು. Attack 1 ಮಿಲಿಸೆಕೆಂಡಿಗೆ ಇಳಿಸಿ ‘ಕುಣಿಕೆ ಹಾಕಿ’ ಕೇಳಿ. ‘ಕ’ದ ಮೊದಲ ಏಟನ್ನೇ ಕಂಪ್ರೆಸರ್ ಅದುಮುವುದರಿಂದ ವ್ಯಂಜನಗಳು ಮೊಂಡಾಗುತ್ತವೆ, ಬಾಯಿಗೆ ಬಟ್ಟೆ ಹಿಡಿದು ಓದಿದಂತಾಗುತ್ತದೆ. 15ರಲ್ಲಿ ಆ ಏಟು ಹಾಯ್ದುಹೋಗಿ ನಂತರದ ಸ್ವರ ಮಾತ್ರ ಇಳಿಯುತ್ತದೆ.

Release ಇನ್ನೂ ಸೂಕ್ಷ್ಮ. ಅದನ್ನು 50ಕ್ಕೆ ಇಳಿಸಿ ‘ಹತ್ತಿಯದು’ ಕೇಳಿ. ‘ಹ’ದ ಸ್ವರ ಮುಗಿದು ‘ತ್ತ’ಕ್ಕೆ ನಾಲಿಗೆ ಹಲ್ಲಿಗೆ ಅಂಟಿದಾಗ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಮಿಗಿಲಾದ ಮೌನವಿರುತ್ತದೆ. ಅಷ್ಟರೊಳಗೆ ಕಂಪ್ರೆಸರ್ ಪೂರ್ತಿ ಕೈಬಿಟ್ಟು, ಖೋಲಿಯ ಸದ್ದು ಆ ಸಂದಿಯಲ್ಲಿ ಉಸ್ ಎಂದು ಉಬ್ಬುತ್ತದೆ. ಒತ್ತಕ್ಷರ ತುಂಬಿದ ಭಾಷೆಯಲ್ಲಿ ಇದು ಪದ ಪದಕ್ಕೂ ಆಗಿ ಹಿನ್ನೆಲೆ ಏದುಸಿರು ಬಿಟ್ಟಂತೆ ಕೇಳುತ್ತದೆ. Release 400 ಮಾಡಿದರೆ ಬೇರೆ ತಪ್ಪು: ‘ರೇಷ್ಮೆ’ಗೆ ಇಳಿದ ಮಟ್ಟ ‘ಯದು’ವಿನ ಮೇಲೂ ಹಾಗೇ ಕೂತಿರುತ್ತದೆ, ಮೊದಲೇ ಮೆಲ್ಲಗಿರುವ ಪದಾಂತ್ಯ ಇನ್ನೂ ಮುಳುಗುತ್ತದೆ. 100ರಿಂದ 150ರ ನಡುವೆ ಓದಿನ ವೇಗಕ್ಕೆ ತಕ್ಕಂತೆ ಒಂದು ಜಾಗ ಸಿಗುತ್ತದೆ.

Make Up ಕೊಟ್ಟಾಗ ಖೋಲಿಯ ಸದ್ದೂ 3 dB ಏರಿದೆ ಎಂಬುದನ್ನು ಮರೆಯಬೇಡಿ. ಮಾತಿಲ್ಲದ ಕಡೆ ಮೀಟರ್ −50 dBಗಿಂತ ಮೇಲೆ ನಿಂತರೆ ಚಿತ್ರದ ಮೌನದ ದೃಶ್ಯಗಳಲ್ಲಿ ಅದು ಕಿವಿಗೆ ಬೀಳುತ್ತದೆ.

ಈಗ ‘ಸ’ ಯಾಕೆ ಚುಚ್ಚುತ್ತದೆ

ಕಂಪ್ರೆಷನ್ ಆದಮೇಲೆ ಸಾಲನ್ನು ಮತ್ತೆ ಕೇಳಿದರೆ, ಮೊದಲು ಸರಿಯಾಗಿದ್ದ ‘ಸ’ಗಳು ಈಗ ಚುಚ್ಚುತ್ತವೆ. ಕಾರಣ ಸರಳ. ಮಾತಿನ ಶಕ್ತಿಯೆಲ್ಲ ಸ್ವರಗಳಲ್ಲಿ, ಅದೂ ಕೆಳಗಿನ ಆವರ್ತನಗಳಲ್ಲಿ ಇರುತ್ತದೆ. ಕಂಪ್ರೆಸರ್ ನೋಡುವುದು ಒಟ್ಟು ಮಟ್ಟವನ್ನು. ‘ಸೀ’ಯ ‘ಈ’ ಗಡಿ ದಾಟಿ ಇಳಿಯುತ್ತದೆ. ‘ಸ್’ ಗಡಿಯ ಕೆಳಗೇ ಇರುವುದರಿಂದ ಇಳಿಯುವುದಿಲ್ಲ, ಆದರೆ Make Upನ 3 dB ಅದಕ್ಕೂ ಸಿಗುತ್ತದೆ. ಹೀಗೆ ಸ್ವರ ಇದ್ದಲ್ಲೇ ನಿಂತು ‘ಸ್’ ಮಾತ್ರ 3 dB ಬೆಳೆಯಿತು. ಡಿ-ಎಸ್ಸರನ್ನು ಕಂಪ್ರೆಸರ್ ನಂತರ ಇಡುವುದು ಇದಕ್ಕೇ: ಬೆಳೆದದ್ದು ಎಷ್ಟು ಎಂದು ತಿಳಿದ ಮೇಲೆ ಇಳಿಸಬಹುದು. ಮೊದಲೇ ಇಟ್ಟರೆ ಇಳಿಸಿದ್ದನ್ನು ಕಂಪ್ರೆಸರ್ ಮತ್ತೆ ಎತ್ತಿಡುತ್ತದೆ.

ಟ್ರ್ಯಾಕ್‌ನ Effects ಜಾಗಕ್ಕೆ Fairlight FX ಪಟ್ಟಿಯಿಂದ De-Esser ಹಾಕಿ. ಮೊದಲು Listen to Ess Only ಗುರುತು ಹಾಕಿಕೊಳ್ಳಿ. ಈಗ ಡಿ-ಎಸ್ಸರ್ ಹಿಡಿಯುವ ಭಾಗ ಮಾತ್ರ ಕೇಳುತ್ತದೆ. ಆವರ್ತನದ ಸ್ಲೈಡರನ್ನು 5 kHzನಿಂದ ಮೇಲಕ್ಕೆ ಸರಿಸುತ್ತ ‘ಸೀರೆ’, ‘ಸೆರಗು’ ಕೇಳಿ. ‘ಸ್’ ತುಂಬಿ ಕೇಳಿಸಿ, ಸ್ವರದ ಚೂರುಗಳು ಅತಿ ಕಡಿಮೆ ಇರುವ ಜಾಗವೇ ಸರಿಯಾದದ್ದು. ಹೆಣ್ಣು ದನಿಯಲ್ಲಿ ಅದು 6.5ರಿಂದ 8 kHz, ಗಂಡು ದನಿಯಲ್ಲಿ 5ರಿಂದ 6.5 kHz ಹತ್ತಿರ ಇರುವುದು ಸಾಮಾನ್ಯ. ನಮ್ಮ ಸಾಲಿಗೆ 7 kHz ಹಿಡಿಯೋಣ. ಗುರುತು ತೆಗೆದು Amountಅನ್ನು ಸೊನ್ನೆಯಿಂದ ಏರಿಸುತ್ತ ಹೋಗಿ, ‘ಸ’ ಸ್ವರಗಳ ಸಾಲಿಗೆ ಬಂದು ಕೂತ ಕೂಡಲೇ ನಿಲ್ಲಿಸಿ. ಇಳಿತ 3ರಿಂದ 5 dB ಇದ್ದರೆ ಬೇಕಾದಷ್ಟಾಯಿತು. ಬೆಳೆದದ್ದೇ 3 dB ಅಲ್ಲವೇ.

ಹೆಚ್ಚಾದರೆ ತಿಳಿಯುವುದು ಕಷ್ಟವಲ್ಲ. ‘ಸೀರೆ’ ‘ಥೀರೆ’ ಆಗುತ್ತದೆ, ಹಲ್ಲು ಬಿದ್ದವರು ಓದಿದಂತೆ. ಆದರೆ ಗಂಟೆಗಟ್ಟಲೆ ಒಂದೇ ಸಾಲು ಕೇಳಿದ ಕಿವಿ ಇದನ್ನು ಗುರುತಿಸುವುದಿಲ್ಲ. ಹತ್ತು ನಿಮಿಷ ಹೊರಗೆ ಹೋಗಿ ಬಂದು ಕೇಳಿ.

ಕನ್ನಡಕ್ಕೇ ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ‘ಸ’ ಮತ್ತು ‘ಶ’, ‘ಷ’ ಒಂದೇ ಜಾಗದಲ್ಲಿಲ್ಲ. ‘ಸ’ದ ಶಕ್ತಿ 5 kHz ಮೇಲೆ, ‘ಶ’, ‘ಷ’ಗಳದ್ದು ಅದಕ್ಕಿಂತ ಕೆಳಗೆ, ಸುಮಾರು 2.5ರಿಂದ 4.5 kHz ನಡುವೆ. 7 kHzಗೆ ಹೊಂದಿಸಿದ ಡಿ-ಎಸ್ಸರ್ ‘ರೇಷ್ಮೆ’ಯ ‘ಷ’ವನ್ನು ಬಹುತೇಕ ಮುಟ್ಟುವುದೇ ಇಲ್ಲ. ಅದನ್ನೂ ಹಿಡಿಯಲೆಂದು ಆವರ್ತನವನ್ನು 3.5 kHzಗೆ ಇಳಿಸಿದರೆ ‘ಇ’, ‘ಎ’ ಸ್ವರಗಳ ಹೊಳಪೂ ಅಲ್ಲೇ ಇರುವುದರಿಂದ ಇಡೀ ದನಿ ಮಂಕಾಗುತ್ತ, ಹೊಳೆಯುತ್ತ ನಡುಗುತ್ತದೆ. ಆದ್ದರಿಂದ ಡಿ-ಎಸ್ಸರನ್ನು ‘ಸ’ಕ್ಕೇ ಬಿಡಿ. ಚುಚ್ಚುವ ‘ಷ’ಗಳನ್ನು ಕೈಯಿಂದ ಹುಡುಕಿ, ಆ ಅಕ್ಷರದ ಎರಡೂ ಬದಿ ಕತ್ತರಿಸಿ, ಆ ಚೂರನ್ನು 3 dB ಇಳಿಸಿ. ಅಲೆಯ ಚಿತ್ರವನ್ನು ಹಿಗ್ಗಿಸಿದರೆ ಸ್ವರಗಳು ಅಂತರ ಬಿಟ್ಟ ಏಣುಗಳಾಗಿ, ‘ಷ’ ಒತ್ತೊತ್ತಾದ ಕೂದಲಿನ ಎಳೆಯಂತೆ ಕಾಣುತ್ತದೆ. ಬೆಳಗಾವಿ ಕಡೆ ಮರಾಠಿಯನ್ನೂ ಮನೆಮಾತಾಗಿ ಆಡುವವರ ಬಾಯಲ್ಲಿ ‘ಚ’ ಕೆಲವೊಮ್ಮೆ ‘ತ್ಸ’ಕ್ಕೆ ಹತ್ತಿರವಾಗುತ್ತದೆ. ಅಂಥವರ ಓದಿನಲ್ಲಿ ಡಿ-ಎಸ್ಸರ್ ‘ಚ’ವನ್ನೂ ಹಿಡಿಯುವುದರಿಂದ ‘ಚಲೋ’ದಂಥ ಪದಗಳನ್ನು ಬೇರೆಯಾಗಿ ಪರೀಕ್ಷಿಸಿ. ಕೊನೆಯ ಪರೀಕ್ಷೆಗೆ ‘ಸಾಲು’ ಮತ್ತು ‘ಶಾಲು’ ಎರಡನ್ನೂ ಓದಿಸಿ ಇಟ್ಟುಕೊಂಡಿದ್ದರೆ ಉತ್ತಮ. ಕಣ್ಣು ಮುಚ್ಚಿ ಕೇಳಿದಾಗ ಯಾವುದು ಯಾವುದೆಂದು ತಡವರಿಸಿದರೆ Amount ಇಳಿಸಿ.

ಮಗ್ಗದ ಮೇಲೆ ಕೂರಿಸುವುದು

ಒಂಟಿಯಾಗಿ ಚೆಂದ ಕೇಳಿದ ದನಿ ಚಿತ್ರದ ಜೊತೆ ಬೇರೆಯಾಗಿಯೇ ಕೇಳುತ್ತದೆ. ಲಾಳಿಯ ಏಟು, ಹಲಗೆಯ ಬಡಿತ ವ್ಯಂಜನಗಳ ಸ್ಪಷ್ಟತೆ ಇರುವ 2ರಿಂದ 4 kHz ಜಾಗವನ್ನೂ ತುಂಬುತ್ತವೆ. ಇಲ್ಲಿ ನಿರೂಪಣೆಯನ್ನು ಏರಿಸುತ್ತ ಹೋಗಬೇಡಿ, ಮಗ್ಗದ ಟ್ರ್ಯಾಕ್‌ನಲ್ಲಿ ಜಾಗ ಮಾಡಿ. ಅದರ ಈಕ್ವಲೈಸರ್‌ನಲ್ಲಿ 3 kHz ಸುತ್ತ Q 1 ಇಟ್ಟು 4 dB ಇಳಿಸಿ, ಮಾತು ನಡೆಯುವಾಗ ಒಟ್ಟು ಮಟ್ಟವನ್ನು ನಿರೂಪಣೆಗಿಂತ 12ರಿಂದ 15 dB ಕೆಳಗೆ ತನ್ನಿ. ಮಾತು ಶುರುವಾಗುವ ಅರ್ಧ ಸೆಕೆಂಡ್ ಮೊದಲೇ ಇಳಿಯಲು ಆರಂಭಿಸಲಿ, ಮುಗಿದ ಮೇಲೆ ಒಂದು ಸೆಕೆಂಡ್ ತೆಗೆದುಕೊಂಡು ಏರಲಿ. ತಟ್ಟನೆ ಏರಿದರೆ ಕ್ರಿಯಾಪದದ ಬಾಲ ಮತ್ತೆ ಸಿಕ್ಕಿಕೊಳ್ಳುತ್ತದೆ.

ದೃಶ್ಯ ಬದಲಾದ ಫ್ರೇಮಿನಲ್ಲೇ ಮಾತು ಶುರು ಮಾಡಿಸಬೇಡಿ. 25 ಫ್ರೇಮ್‌ಗಳ ಟೈಮ್‌ಲೈನ್‌ನಲ್ಲಿ 8ರಿಂದ 10 ಫ್ರೇಮ್ ಬಿಟ್ಟು ಶುರುವಾದರೆ ಕಣ್ಣು ಸೆರಗನ್ನು ಕಂಡ ಮೇಲೆ ಕಿವಿಗೆ ‘ಸೆರಗು’ ಬೀಳುತ್ತದೆ. ಮಗ್ಗದ ಸದ್ದಿಲ್ಲದ ದೃಶ್ಯಗಳಲ್ಲಿ ವಾಕ್ಯಗಳ ನಡುವಿನ ತುಂಡುಗಳು ಪೂರ್ಣ ನಿಶ್ಶಬ್ದವಾಗಿದ್ದರೆ, ಪ್ರತಿ ವಾಕ್ಯಕ್ಕೂ ಖೋಲಿ ಬಾಗಿಲು ತೆರೆದು ಮುಚ್ಚಿದಂತೆ ಕೇಳುತ್ತದೆ. ಮೊದಲೇ ಹಿಡಿದಿಟ್ಟ 15 ಸೆಕೆಂಡ್ ಖೋಲಿಯ ಮೌನವನ್ನು ಅದೇ ಟ್ರ್ಯಾಕ್‌ನಲ್ಲಿ, ಅದೇ ಸಂಸ್ಕರಣೆಯ ಅಡಿಯಲ್ಲಿ, ಆ ಸಂದಿಗಳಿಗೆ ತುಂಬಿ.

ಒಟ್ಟು ಮಿಶ್ರಣವನ್ನು Loudness ಮೀಟರ್‌ನಲ್ಲಿ ಇಡಿಯಾಗಿ ಓಡಿಸಿ ನೋಡಿ. ಕಿವಿಗೆ ತಾಗುವ ಒಟ್ಟು ಜೋರನ್ನು ಅಳೆಯುವ ಮಾನ LUFS. ಯೂಟ್ಯೂಬ್ ಸುಮಾರು −14 LUFSಗಿಂತ ಜೋರಾದದ್ದನ್ನು ತಾನೇ ಇಳಿಸುತ್ತದೆ, ಮೆಲ್ಲಗಿದ್ದರೆ ಎತ್ತಿಕೊಡುವುದಿಲ್ಲ. ಮಾತೇ ಮುಖ್ಯವಾದ ಚಿತ್ರಕ್ಕೆ −16ರಿಂದ −14ರ ನಡುವೆ ಬಂದರೆ ಸಾಕು, ತುತ್ತತುದಿ −1 dB ದಾಟಬಾರದು.

ಹೆಡ್‌ಫೋನ್‌ನಲ್ಲಿ ಮುಗಿಸಿದ ಮೇಲೆ ಅದೇ ಮೊಬೈಲ್‌ನ ಸಣ್ಣ ಸ್ಪೀಕರ್‌ನಲ್ಲಿ ಕೇಳಿ, ಬಹುಪಾಲು ಜನ ನೋಡುವುದು ಅದರಲ್ಲೇ. ಅಲ್ಲಿ ಕೆಳಗಿನ ಆವರ್ತನಗಳು ಬಹುತೇಕ ಕೇಳುವುದಿಲ್ಲ, ‘ಸ’ ಮಾತ್ರ ಎದ್ದು ನಿಲ್ಲುತ್ತದೆ. ಹೆಡ್‌ಫೋನ್‌ನಲ್ಲಿ ಹದವಾಗಿದ್ದ ‘ಸೀರೆ’ ಇಲ್ಲಿ ಚುಚ್ಚಿದರೆ Amount ಒಂದು ಹೆಜ್ಜೆ ಏರಿಸಿ. ‘ಬೆಸೆಯುತ್ತಾರೆ’ ಇಲ್ಲಿಯೂ ಕೊನೆಯ ‘ರೆ’ವರೆಗೆ ಕೇಳಿಸಬೇಕು. ಕೇಳಿಸದಿದ್ದರೆ ಕಂಪ್ರೆಸರ್‌ಗೆ ಹೋಗಬೇಡಿ, ಆ ವಾಕ್ಯದ ಗೆರೆಗೆ ಮರಳಿ ಬಾಲವನ್ನು ಇನ್ನೊಂದು dB ಎತ್ತಿ.